ಹಣದುಬ್ಬರ ಇಳಿದರೂ ಬೆಲೆ ಇಳಿಯದ್ದೇಕೆ?

ಪ್ರಶ್ನೆ: "ಡೊಂಬಿವಲಿಯಲ್ಲಿದ್ದೇನೆ. ಹಣದುಬ್ಬರ ಇಳಿದಿದೆ ಅಂತ ಸುದ್ದಿ ಬರುತ್ತದೆ. ರಿಕ್ಷಾ, ದಿನಸಿ ಯಾವುದೂ ಇಳಿದಿಲ್ಲವಲ್ಲ, ಸುಳ್ಳು ಹೇಳ್ತಿದ್ದಾರಾ?"

ಸುಳ್ಳಲ್ಲ ಸರ್. ಅವರು ಹೇಳುವುದು ಬೆಲೆಯನ್ನಲ್ಲ, ಬೆಲೆ ಏರುವ ವೇಗವನ್ನು. ದಾದರಿನಿಂದ ಕಲ್ಯಾಣಕ್ಕೆ ಹೊರಟ ಲೋಕಲ್ ರೈಲು ಠಾಣೆ ದಾಟಿ ನಿಧಾನವಾಯಿತು ಅನ್ನಿ. ಅದು ಆಗಲೂ ಕಲ್ಯಾಣದ ಕಡೆಗೇ ಹೋಗುತ್ತಿರುತ್ತದೆ, ದಾದರಿಗೆ ವಾಪಸ್ ಬರುವುದಿಲ್ಲ. 100 ರೂಪಾಯಿಯ ದಿನಸಿ ಮೊದಲ ವರ್ಷ ಶೇ. 6 ಏರಿ 106 ಆಯಿತು. ಮರುವರ್ಷ ದರ ಶೇ. 2ಕ್ಕೆ ಇಳಿಯಿತು, ಸುದ್ದಿಯವರಿಗೆ ಸಂತೋಷ. ನಿಮ್ಮ ಚೀಲ ಮಾತ್ರ 108 ದಾಟಿತು. ಬೆಲೆ ನಿಜವಾಗಿ ಇಳಿಯಬೇಕಾದರೆ ದರ ಸೊನ್ನೆಗಿಂತ ಕೆಳಗೆ ಹೋಗಬೇಕು. ರಿಸರ್ವ್ ಬ್ಯಾಂಕಿನ ಗುರಿಯೇ ಶೇ. 4, ಹಾಗಾಗಿ ಹಳೆಯ ಬೆಲೆ ಮರಳಲಿ ಎಂದು ಯಾರೂ ಪ್ರಯತ್ನಿಸುತ್ತಿಲ್ಲ.

ರಿಕ್ಷಾವನ್ನೇ ನೋಡಿ. ಮುಂಬಯಿ ಪ್ರದೇಶದ ಕನಿಷ್ಠ ಮೀಟರ್ ದರ 2021ರ ಮಾರ್ಚ್‌ಗೆ ಮುಂಚೆ 18 ರೂಪಾಯಿ, 2025ರ ಫೆಬ್ರವರಿಯಿಂದ 26. ನೂರರ ನೋಟಿಗೆ ಆಗ ಐದು ಸವಾರಿ, ಈಗ ಮೂರೇ. ನೋಟು ಅದೇ, ಅದರ ಕೊಳ್ಳುವ ಶಕ್ತಿ ಕರಗಿತು. ಆದರೆ ಒಂದು ವಸ್ತು ದುಬಾರಿಯಾದರೆ ಅದನ್ನೇ ಹಣದುಬ್ಬರ ಅನ್ನಲಾಗದು. ಲೋಕಲ್‌ನ ಕನಿಷ್ಠ ಟಿಕೆಟ್ ಇನ್ನೂ 5 ರೂಪಾಯಿಯೇ ಇದೆಯಲ್ಲ! ಅಂಥವೆಲ್ಲ ಸೇರಿದ ಒಂದು ದೊಡ್ಡ ಬುಟ್ಟಿಯ ಸರಾಸರಿ ಏರಿಕೆಯೇ ಹಣದುಬ್ಬರ. ನಿಮ್ಮ ಮನೆಯ ಬುಟ್ಟಿಯಲ್ಲಿ ಬಾಡಿಗೆ, ಶಾಲೆಯ ಫೀ ಹೆಚ್ಚಿದ್ದರೆ ನಿಮ್ಮ ದರವೂ ಬೇರೆಯೇ.

ಕಪಾಟಿನಲ್ಲಿ ನಗದು ಇಟ್ಟಿದ್ದೀರಾ? ಶೇ. 6ರಂತೆ 12 ವರ್ಷ ಕಳೆದರೆ ಅದು ಅರ್ಧದಷ್ಟೇ ಕೊಳ್ಳುತ್ತದೆ.