ಪ್ರತಿಕ್ರಿಯೆ: ಷೇರು ಏರಿದರೂ ಸ್ಟ್ರ್ಯಾಡಲ್‌ನಲ್ಲಿ ನಷ್ಟ

> "ಫಲಿತಾಂಶಕ್ಕೆ ಷೇರು 1000ದಿಂದ 1050ಕ್ಕೆ ಹಾರಿತು. 1000ದ ಕಾಲ್ 38ಕ್ಕೆ, ಪುಟ್ 34ಕ್ಕೆ ಕೊಂಡಿದ್ದೆ. ನಷ್ಟ ಯಾಕೆ? ಸ್ಟ್ರ್ಯಾಂಗಲ್ ವಾಸಿಯಿತ್ತಾ?"

1000ಕ್ಕೆ ಕೊಳ್ಳುವ ಹಕ್ಕಾದ ಕಾಲ್, ಮಾರುವ ಹಕ್ಕಾದ ಪುಟ್ ಎರಡನ್ನೂ ಕೊಂಡ ಈ ಸ್ಟ್ರ್ಯಾಡಲ್‌ಗೆ ನೀವು ಕೊಟ್ಟದ್ದು 72. ಅಂದರೆ ಎಕ್ಸ್‌ಪೈರಿ ದಿನ ಷೇರು 928ರ ಕೆಳಗೆ ಅಥವಾ 1072ರ ಮೇಲೆ ಇದ್ದರಷ್ಟೇ ಲಾಭ. ಅದಕ್ಕೂ ಮುಂಚೆ ಮಾರಿದರೆ ಇಂಪ್ಲೈಡ್ ವೊಲಾಟಿಲಿಟಿಯ, ಅಂದರೆ ಆಪ್ಷನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ನಿರೀಕ್ಷೆಯ, ಕುಸಿತ ಹೊಡೆಯುತ್ತದೆ. ಫಲಿತಾಂಶದ ಅನಿಶ್ಚಿತತೆಗೆ ತೆತ್ತ ಬೆಲೆ ಅದು, ಸುದ್ದಿ ಹೊರಬಿದ್ದ ಕೂಡಲೇ ಕರಗುತ್ತದೆ. ಆಗ ಕಾಲ್ ಸುಮಾರು 57, ಪುಟ್ 6 ಆದರೆ ಕೈಗೆ ಬರುವುದು 63.

ಮೇಲಿನ ಬೆಲೆಯ ಕಾಲ್, ಕೆಳಗಿನ ಬೆಲೆಯ ಪುಟ್ ಕೊಳ್ಳುವ ಸ್ಟ್ರ್ಯಾಂಗಲ್ ಅಗ್ಗ, ವಾಸಿಯಲ್ಲ. 1050ರ ಕಾಲ್ 18, 950ರ ಪುಟ್ 15, ಒಟ್ಟು 33 ಅಂದುಕೊಳ್ಳಿ. ಅದರ ಗಡಿಗಳು 917 ಮತ್ತು 1083, ಇನ್ನೂ ದೂರ. ಇದೇ ಏರಿಕೆಗೆ ಅದು ಸುಮಾರು 23ಕ್ಕೆ ಇಳಿಯುತ್ತಿತ್ತು. ಹಾಕಿದ ಹಣದ ಸುಮಾರು 30% ನಷ್ಟ.

ಕೊಳ್ಳುವ ಮೊದಲು ಎರಡೂ ಪ್ರೀಮಿಯಂ ಕೂಡಿಸಿ, ಹಿಂದಿನ ಫಲಿತಾಂಶಗಳಂದು ಷೇರು ಎಷ್ಟು ಚಲಿಸಿತ್ತೆಂದು ಹೋಲಿಸಿ.