ನೀರು ಮಾತ್ರ ಹರಿಯುವ ಸಿನೆಮಾಗ್ರಾಫ್: ಜರ್ಕ್ ಹೋಗಿಸುವುದು ಹೇಗೆ?

ಪ್ರಶ್ನೆ: ಬಂಡೆ ಮೇಲೆ ತಂಗಿ ಕೂತಿದ್ದಾಳೆ, ಹಿಂದೆ ಹೊಳೆ ಹರಿಯುತ್ತೆ. ನೀರು ಮಾತ್ರ ಓಡ್ತಾ ಇರಬೇಕು. ಲೂಪ್ ಮುಗಿದಾಗಲೆಲ್ಲ ನೀರು ಟಕ್ ಅಂತ ಹಾರುತ್ತೆ. ಏನು ಮಾಡಲಿ?

ಉತ್ತರ: ಕೊನೆಯ ಫ್ರೇಮಿಗೂ ಮೊದಲ ಫ್ರೇಮಿಗೂ ಹೊಂದಾಣಿಕೆ ಇಲ್ಲ, ಅದಕ್ಕೇ ಹಾರುತ್ತದೆ. ಕ್ಲಿಪ್ಪನ್ನು ಹಿಂದುಮುಂದಾಗಿ ಓಡಿಸಬೇಡಿ, ನೀರು ಗುಡ್ಡ ಹತ್ತುತ್ತದೆ!

6 ಸೆಕೆಂಡಿನ ತುಣುಕು ತಗೊಂಡು ನಡುವೆ, 3ನೇ ಸೆಕೆಂಡಿನಲ್ಲಿ ಕತ್ತರಿಸಿ. ಎರಡನೇ ಅರ್ಧವನ್ನು ಮುಂದಿಡಿ, ಮೊದಲ ಅರ್ಧವನ್ನು ಅದರ ಹಿಂದೆ. ಎರಡೂ 1 ಸೆಕೆಂಡು ಒಂದರ ಮೇಲೊಂದು ಬರಲಿ, ಅಲ್ಲಿ ಕ್ರಾಸ್ ಡಿಸಾಲ್ವ್ ಹಾಕಿ. 5 ಸೆಕೆಂಡಿನ ಲೂಪ್ ಸಿಗುತ್ತದೆ. ಅದರ ಕೊನೆ ಮತ್ತು ಶುರು ಮೂಲದಲ್ಲಿ ಅಕ್ಕಪಕ್ಕದ ಫ್ರೇಮುಗಳೇ, ಹಾಗಾಗಿ ಅಲ್ಲಿ ಜರ್ಕ್ ಇಲ್ಲ. ನಡುವಿನ ಬೆಸುಗೆ ನೊರೆಯಲ್ಲಿ ಮುಚ್ಚಿಹೋಗುತ್ತದೆ.

ಇದರ ಮೇಲಿನ ಲೇಯರಿನಲ್ಲಿ ತಂಗಿಯ ಒಂದು ಫ್ರೇಮನ್ನು ಸ್ಥಿರಚಿತ್ರವಾಗಿಟ್ಟು, ನೀರಿರುವ ಜಾಗಕ್ಕೆ ಮಾಸ್ಕ್ ಹಾಕಿ ತೂತು ಮಾಡಿ. ಮಾಸ್ಕಿನ ಅಂಚು ನೀರಿನ ಮಧ್ಯೆ ಬೇಡ, ಒಣ ಬಂಡೆಯ ಮೇಲೆ ಹಾಯಲಿ. ಅಂಚನ್ನು ಸ್ವಲ್ಪ ಮೃದು ಮಾಡಿ. ಗಾಳಿಗೆ ಹಾರುವ ಕೂದಲು ನೀರಿಗೆ ಅಡ್ಡ ಬಂದರೆ ಕಷ್ಟ, ಜಡೆ ಹಾಕಿಸಿಯೇ ಶೂಟ್ ಮಾಡಿ.

ಅಂಚಿನಲ್ಲಿ ಬೆಳಕು ಮಿಣುಕುತ್ತಿದ್ದರೆ ಅದು ಮಾಸ್ಕಿನ ತಪ್ಪಲ್ಲ. ಆಟೋ ಎಕ್ಸ್‌ಪೋಶರ್ ಬದಲಾಗಿರುತ್ತದೆ, ಇಲ್ಲವೇ ಮೋಡ ಹಾದಿರುತ್ತದೆ. ಟ್ರೈಪಾಡ್ ಮೇಲಿಟ್ಟು ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ ಮತ್ತೆ ತೆಗೆಯುವುದೇ ವಾಸಿ.

ಊದುಬತ್ತಿ ಹೊಗೆಗೆ ಇದೇ ಉಪಾಯ ಅಷ್ಟು ಸಲೀಸಲ್ಲ. ತೆಳು ಎಳೆ ಡಿಸಾಲ್ವ್‌ನಲ್ಲಿ ಎರಡೆರಡಾಗಿ ಕಾಣುತ್ತದೆ. ಎಳೆ ಹೆಚ್ಚುಕಮ್ಮಿ ಒಂದೇ ಕಡೆ ಬಾಗಿರುವ ಎರಡು ಕ್ಷಣ ಹುಡುಕಿ, ಅಲ್ಲೇ ಬೆಸೆಯಿರಿ.