ಶುಕ್ರವಾರದ ಮೂರನೇ ರೋಗಿಗೆ ಟೆಕ್ನೀಷಿಯಂ ಸಾಲಲಿಲ್ಲ

ಪ್ರಶ್ನೆ: ಸ್ಕ್ಯಾನಿಗೆ ಬೇಕಾದ ವಿಕಿರಣಶೀಲ ಟೆಕ್ನೀಷಿಯಂ ಕೊಡುವ ನಮ್ಮ ಜನರೇಟರಿನಲ್ಲಿ ಸೋಮವಾರ ಬೆಳಿಗ್ಗೆ 8ಕ್ಕೆ 200 ಮಿಲಿಕ್ಯೂರಿ ಮಾಲಿಬ್ಡಿನಂ ಇತ್ತು. ದಿನಕ್ಕೊಮ್ಮೆ, ಬೆಳಿಗ್ಗೆ 8ಕ್ಕೆ, ಹಾಲು ಕರೆದಂತೆ ಅದರಿಂದ ಟೆಕ್ನೀಷಿಯಂ ಕರೆಯುತ್ತೇವೆ. ಶುಕ್ರವಾರ 58 ಮಿಲಿಕ್ಯೂರಿ ಟೆಕ್ನೀಷಿಯಂ ಸಿಕ್ಕಿತು. ತಲಾ 20ರಂತೆ ಮೂರು ಮೂಳೆ ಸ್ಕ್ಯಾನಿಗೆ ಹೆಚ್ಚುಕಡಿಮೆ ಸಾಕು ಎಂದುಕೊಂಡಿದ್ದೆ. ಹತ್ತೂವರೆಗೆ ನೋಡಿದರೆ ಮೂರನೆಯವರಿಗೆ 10 ಕೂಡ ಉಳಿದಿರಲಿಲ್ಲ. ಹೊಸನಗರದಿಂದ ಮಳೆಯಲ್ಲಿ ಬಂದ ಅಜ್ಜಿಯನ್ನು ಹಿಂದಕ್ಕೆ ಕಳುಹಿಸಿದೆ. ಮಧ್ಯಾಹ್ನ ಮತ್ತೆ ಕರೆದಿದ್ದರೆ ಶನಿವಾರಕ್ಕೆ ಕೊರತೆ ಆಗುತ್ತಿತ್ತೇ?
— ತಂತ್ರಜ್ಞೆ, ಶಿವಮೊಗ್ಗ

ಉತ್ತರ: ಹೇಳಿಕೊಳ್ಳುವಂಥ ಕೊರತೆ ಆಗುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಕರೆದಿದ್ದರೆ ಅಜ್ಜಿಯ ಸ್ಕ್ಯಾನ್ ಅಂದೇ ಮುಗಿಯುತ್ತಿತ್ತು.

ಮೊದಲು ಬೆಳಗಿನ ಲೆಕ್ಕ ಎಲ್ಲಿ ತಪ್ಪಿತು ನೋಡೋಣ. ಟೆಕ್ನೀಷಿಯಂನ ಅರ್ಧಾಯುಷ್ಯ 6 ಗಂಟೆ. ಎಂಟಕ್ಕೆ ಅಳೆದದ್ದು ಎಂಟರದ್ದು ಮಾತ್ರ. ರೋಗಿಯ ತೋಳಿಗೆ ಚುಚ್ಚುವ ಹೊತ್ತಿಗೆ 20 ಇರಬೇಕಾದರೆ ಎಂಟಕ್ಕೇ ಎಷ್ಟು ಇರಬೇಕಿತ್ತು ಎಂದು ಹಿಂದಕ್ಕೆ ಎಣಿಸಬೇಕು. ಎಂಟೂವರೆಯವರಿಗೆ 21, ಒಂಬತ್ತೂವರೆಯವರಿಗೆ 24, ಹತ್ತೂವರೆಯವರಿಗೆ 27 ಬೇಕು. ಮೂರೂ ಸೇರಿದರೆ 72. ನಿಮ್ಮ ಬಳಿ ಇದ್ದದ್ದು 58. ಹಾಗಾಗಿ ಮೂರನೆಯವರಿಗೆ ಸಾಲದು ಎಂಬುದು ಎಂಟು ಗಂಟೆಗೇ ಗೊತ್ತಾಗಬಹುದಿತ್ತು. ಆಗಲೇ ಫೋನ್ ಮಾಡಿ "ಮಧ್ಯಾಹ್ನದ ಹೊತ್ತಿಗೆ ಬನ್ನಿ" ಎಂದಿದ್ದರೆ ಆ ಹಿರಿಯ ಜೀವ ಮುಂಜಾನೆಯ ಬಸ್ಸಿಗಾಗಿ ಮಳೆಯಲ್ಲಿ ನಿಲ್ಲಬೇಕಾಗಿರಲಿಲ್ಲ. ಅವರ ದಣಿವೂ ಈ ಲೆಕ್ಕದ ಭಾಗ ಎಂದೇ ನಾನು ನಂಬಿದ್ದೇನೆ.

ಈಗ ಎರಡನೇ ಕರಾವಿನ ಮಾತು. ಕೊಟ್ಟಿಗೆಯ ಹಸುವಿನಂತೆಯೇ ಇದಕ್ಕೂ ಹಾಲು ತುಂಬಿಕೊಳ್ಳಲು ಹೊತ್ತು ಬೇಕು, ಆದರೆ ತುಂಬುವ ವೇಗ ಒಂದೇ ಸಮನಾಗಿರುವುದಿಲ್ಲ. ಸಲೈನ್ ಹರಿಸಿ ಕರೆದ ಕೂಡಲೇ, ಜನರೇಟರಿನೊಳಗಿನ ಅಲ್ಯುಮಿನಾ ತುಂಬಿದ ಕೊಳವೆಯಾದ ಕಾಲಂನಲ್ಲಿ ಮಗಳು ಟೆಕ್ನೀಷಿಯಂ ಬಹುತೇಕ ಖಾಲಿ. ತಾಯಿ ಮಾಲಿಬ್ಡಿನಂ ಮಾತ್ರ ಅಲ್ಯುಮಿನಾವನ್ನು ಹಿಡಿದುಕೊಂಡು ಅಲ್ಲೇ ಕುಳಿತಿದ್ದು, 66 ಗಂಟೆಗಳ ಅರ್ಧಾಯುಷ್ಯದಲ್ಲಿ ನಿಧಾನವಾಗಿ ಕ್ಷಯಿಸುತ್ತದೆ. ಆ ಕ್ಷಯದಲ್ಲಿ ನೂರಕ್ಕೆ ಸುಮಾರು 88 ಪಾಲು ನಮಗೆ ಬೇಕಾದ ಟೆಕ್ನೀಷಿಯಂ ಆಗುತ್ತದೆ. ಆರಂಭದಲ್ಲಿ ಮಗಳು ಕಡಿಮೆ ಇರುವುದರಿಂದ ಅವಳಲ್ಲಿ ನಷ್ಟವೂ ಕಡಿಮೆ, ಬೆಳವಣಿಗೆ ಚುರುಕು. ಹೆಚ್ಚಾದಂತೆ ನಷ್ಟವೂ ಏರಿ, ಸುಮಾರು 23 ಗಂಟೆಗೆ ಹುಟ್ಟು ಮತ್ತು ಕ್ಷಯ ಸರಿಸಮವಾಗುತ್ತವೆ. ಅದೇ ಗರಿಷ್ಠ ಮಟ್ಟ. 6 ಗಂಟೆಯಲ್ಲೇ ಅದರ ಶೇಕಡಾ 61, 12 ಗಂಟೆಯಲ್ಲಿ 88 ಬಂದುಬಿಟ್ಟಿರುತ್ತದೆ. ಇಪ್ಪತ್ತನಾಲ್ಕು ಗಂಟೆ ಕಾಯುವ ಪದ್ಧತಿ ನಮ್ಮ ದಿನಚರಿಗೆ ಹೊಂದುತ್ತದೆ ಎಂದು ಬಂದದ್ದು. ಅಷ್ಟು ಕಾಯಲೇಬೇಕೆಂದೇನೂ ಇಲ್ಲ.

ನಿಮ್ಮ ಜನರೇಟರಿನಲ್ಲಿ ಶುಕ್ರವಾರ ಎಂಟಕ್ಕೆ ಉಳಿದಿದ್ದ ಮಾಲಿಬ್ಡಿನಂ 73 ಮಿಲಿಕ್ಯೂರಿ. ಆರು ಗಂಟೆಯ ನಂತರ ಅದರ ಶೇಕಡಾ 42ರಷ್ಟು, ಅಂದರೆ ಸುಮಾರು 31 ಟೆಕ್ನೀಷಿಯಂ ಬೆಳೆದಿರುತ್ತದೆ. ನೂರಕ್ಕೆ ತೊಂಬತ್ತರ ಇಳುವರಿ ಹಿಡಿದರೂ ಕೈಗೆ 28 ಬರುತ್ತದೆ. ಎರಡೂವರೆಗೆ 26 ಇರುತ್ತದೆ, ಅಜ್ಜಿಗೆ ಧಾರಾಳ. ಚುಚ್ಚಿದ ಮೇಲೆ ಮೂಳೆಗೆ ಹಿಡಿಯಲು ಎರಡು ಮೂರು ಗಂಟೆ ಬೇಕಾಗುವುದರಿಂದ ಸ್ಕ್ಯಾನ್ ಸಂಜೆಗೆ ಹೋಗುತ್ತದೆ. ಊರಿಗೆ ಮರಳುವ ಬಸ್ಸನ್ನೂ ಮೊದಲೇ ವಿಚಾರಿಸಿಡಿ. ಟೆಕ್ನೀಷಿಯಂ ಅನ್ನು ಮೂಳೆಗೆ ಒಯ್ಯುವ ಎಂಡಿಪಿ ಕಿಟ್‌ನ ಇನ್ನೊಂದು ಬಾಟಲಿ ಮಾತ್ರ ಹೆಚ್ಚುವರಿ ಖರ್ಚು.

ಶನಿವಾರ ಬೆಳಿಗ್ಗೆ? ಎರಡು ಗಂಟೆಯ ಕರಾವಿನಿಂದ ಎಂಟರವರೆಗೆ 18 ಗಂಟೆ ಸಿಗುತ್ತದೆ. ಮಧ್ಯಾಹ್ನ ಮುಟ್ಟದಿದ್ದರೆ 45 ಸಿಗುತ್ತಿತ್ತು, ಮುಟ್ಟಿದರೆ 42. ಮೂರು ಮಿಲಿಕ್ಯೂರಿ ಕೊಟ್ಟು ಒಂದು ಇಡೀ ರೋಗಿಯ ಡೋಸ್ ಪಡೆದಂತಾಯಿತು.

ಲೆಕ್ಕ ಸರಿಯಿದ್ದೂ ಹಾಲು ಕಡಿಮೆ ಬಂದರೆ ಹಿಂದಿನ ಕರಾವನ್ನು ನೆನಪಿಸಿಕೊಳ್ಳಿ. ಒಣ ಕಾಲಂನ ಜನರೇಟರ್ ಆಗಿದ್ದರೆ, ಸಲೈನ್ ಪೂರ್ತಿ ಇಳಿದ ಮೇಲೆ ನಿರ್ವಾತ ಬಾಟಲಿಯೊಳಗೆ ಗಾಳಿಯ ಗುಳ್ಳೆ ಏಳುವುದನ್ನು ಕಾಯಬೇಕು. ಅವಸರದಲ್ಲಿ ಅದಕ್ಕೂ ಮೊದಲೇ ಬಾಟಲಿ ಕಿತ್ತರೆ ಕಾಲಂ ಒದ್ದೆಯಾಗಿಯೇ ಉಳಿಯುತ್ತದೆ. ವಿಕಿರಣ ಆ ನೀರನ್ನು ಒಡೆದು ಟೆಕ್ನೀಷಿಯಂನ ರಾಸಾಯನಿಕ ರೂಪವನ್ನೇ ಬದಲಿಸುವುದರಿಂದ ಮುಂದಿನ ಬಾರಿ ಅದು ಸಲೈನ್ ಜೊತೆ ಇಳಿಯದೆ ಕಾಲಂಗೇ ಅಂಟಿಕೊಳ್ಳುತ್ತದೆ.

ಮಧ್ಯಾಹ್ನದ ಕರಾವಿಗೂ ಮಾಲಿಬ್ಡಿನಂ ಸೋರಿಕೆಯ ಪರೀಕ್ಷೆ ತಪ್ಪಿಸಬೇಡಿ. ಬಾಟಲಿಯನ್ನು ಸೀಸದ ಡಬ್ಬಿಯಲ್ಲಿಟ್ಟು ಅಳೆದಾಗ ಟೆಕ್ನೀಷಿಯಂನ 140 ಕೆಇವಿ ಕಿರಣ ಸೀಸದಲ್ಲೇ ನಿಂತುಹೋಗುತ್ತದೆ, ಮಾಲಿಬ್ಡಿನಂನ 740 ಕೆಇವಿ ಕಿರಣ ಹೊರಬರುತ್ತದೆ. ಅಮೆರಿಕದ ಫಾರ್ಮಕೊಪಿಯದ ಮಿತಿ ಪ್ರತಿ ಮಿಲಿಕ್ಯೂರಿ ಟೆಕ್ನೀಷಿಯಂಗೆ 0.15 ಮೈಕ್ರೊಕ್ಯೂರಿ ಮಾಲಿಬ್ಡಿನಂ. ಈ ಮಿತಿ ಅನ್ವಯಿಸುವುದು ಚುಚ್ಚುವ ಹೊತ್ತಿಗೆ. ಬಾಟಲಿಯಲ್ಲಿ ಟೆಕ್ನೀಷಿಯಂ ಬೇಗ ಕ್ಷಯಿಸುತ್ತದೆ, ಸೋರಿದ ಮಾಲಿಬ್ಡಿನಂ ಉಳಿಯುತ್ತದೆ, ಬೆಳಿಗ್ಗೆ 0.05 ಇದ್ದದ್ದು 12 ಗಂಟೆಯ ಬಳಿಕ 0.17 ದಾಟಿರುತ್ತದೆ. ಬೆಳಗಿನ ಉಳಿಕೆಯನ್ನು ಸಂಜೆಯವರೆಗೆ ಎತ್ತಿಟ್ಟು ಬಳಸಬೇಡಿ.